ಸಿಮೆಂಟಿಗೆ ಭಾನುವಾರವಿಲ್ಲ

ಯುಗಾದಿಯ ದಿನ ಕಟ್ಟುತ್ತಿರುವ ಮನೆಯೊಂದರ ಹತ್ತಿರ ಹೋಗಿ ನೋಡಿ. ಮೇಸ್ತ್ರಿ ಊರಿಗೆ ಹೋಗಿರುತ್ತಾರೆ, ಆಳುಗಳಿರುವುದಿಲ್ಲ, ಮಿಕ್ಸರ್ ಮೇಲೆ ಟಾರ್ಪಾಲು ಹೊದಿಸಿರುತ್ತದೆ. ಆದರೆ ಆ ಮನೆಗೆ ಮೋಲ್ಡ್ ಹಾಕಿ ಹದಿನಾಲ್ಕು ದಿನ ತುಂಬಿಲ್ಲವಾದರೆ ಯಜಮಾನನೋ ಯಜಮಾನಿಯೋ ಹೊಸ ಬಟ್ಟೆಯಲ್ಲೇ ಏಣಿ ಹತ್ತಿ, ತಾರಸಿಯ ಮೇಲೆ ಕಟ್ಟಿದ ಮಣ್ಣಿನ ಪಾತಿಗಳಿಗೆ ನೀರು ಬಿಡುತ್ತಿರುತ್ತಾರೆ. ಕೆಳಗೆ ಎಲ್ಲರಿಗೂ ರಜೆ. ಮೇಲೆ ಸಿಮೆಂಟು ಮಾತ್ರ ನೀರಿನೊಡನೆ ಕೂಡುತ್ತಾ ಗಟ್ಟಿಯಾಗುವ ತನ್ನ ಕೆಲಸ ನಡೆಸಿರುತ್ತದೆ.

ಮನೆ ಕಟ್ಟುವ ವೇಳಾಪಟ್ಟಿಯಲ್ಲಿ ಹೀಗೆ ಎರಡು ಬಗೆಯ ಕಾಲ ಓಡುತ್ತದೆ. ಒಂದು ಆಳಿನ ಕಾಲ. ಅದು ಭಾನುವಾರ ನಿಲ್ಲುತ್ತದೆ, ಹಬ್ಬಕ್ಕೆ ನಿಲ್ಲುತ್ತದೆ. ಇನ್ನೊಂದು ಸಿಮೆಂಟಿನ ಕಾಲ. ಅದು ಯಾವುದಕ್ಕೂ ನಿಲ್ಲುವುದಿಲ್ಲ, ಹೆಚ್ಚು ಕೂಲಿ ಕೊಟ್ಟರೆ ಬೇಗ ಓಡುವುದೂ ಇಲ್ಲ. ಸ್ಪ್ರೆಡ್‌ಶೀಟಿನಲ್ಲಿ ಗ್ಯಾಂಟ್ ಚಾರ್ಟ್ ಬರೆಯುವವರು ಸಾಮಾನ್ಯವಾಗಿ ಎಡವುವುದು ಇವೆರಡನ್ನೂ ಒಂದೇ ಸೂತ್ರದಲ್ಲಿ ಎಣಿಸಿದಾಗ.

ಗ್ಯಾಂಟ್ ಚಾರ್ಟ್ ಎಂದರೆ ಎಡಕ್ಕೆ ಕೆಲಸಗಳ ಪಟ್ಟಿ, ಬಲಕ್ಕೆ ದಿನಗಳ ಸಾಲು, ನಡುವೆ ಒಂದೊಂದು ಕೆಲಸಕ್ಕೂ ಒಂದೊಂದು ಅಡ್ಡಪಟ್ಟಿ. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಇದನ್ನು ಬಳಕೆಗೆ ತಂದ. ಪೋಲೆಂಡಿನ ಕರೋಲ್ ಆದಮೆಯೆಟ್ಸ್ಕಿ 1896ರಲ್ಲೇ ಇಂಥದ್ದೊಂದನ್ನು ರೂಪಿಸಿದ್ದ. ಅದು ಹೊರಗಿನವರಿಗೆ ತಿಳಿಯುವ ಹೊತ್ತಿಗೆ ಹೆಸರು ಗ್ಯಾಂಟ್‌ನ ಪಾಲಾಗಿತ್ತು. ಗ್ಯಾಂಟ್ ಬರೆದ ಪಟ್ಟಿಗಳಲ್ಲಿ ಒಂದು ಕೊರತೆಯಿತ್ತು. ಯಾವ ಕೆಲಸ ಯಾವುದಕ್ಕಾಗಿ ಕಾಯುತ್ತಿದೆ ಎಂಬುದು ಅವುಗಳಲ್ಲಿ ಕಾಣುತ್ತಿರಲಿಲ್ಲ. ಆ ಕೊಂಡಿಗಳ ಲೆಕ್ಕ ಬಂದದ್ದು 1950ರ ದಶಕದ ಕೊನೆಯಲ್ಲಿ. ಇವತ್ತು ಸ್ಪ್ರೆಡ್‌ಶೀಟಿನ ಒಂದೊಂದು ಸೂತ್ರವೂ ಅಂಥ ಒಂದೊಂದು ಕೊಂಡಿ. ದಿನಾಂಕಗಳನ್ನು ಕೈಯಿಂದ ಟೈಪ್ ಮಾಡಿ ಪಟ್ಟಿಗೆ ಬಣ್ಣ ಬಳಿದರೆ ನಿಮ್ಮ ಬಳಿ ಇರುವುದು ಬರೀ ಚಿತ್ರ.

ತುಮಕೂರಿನ ಹೊರವಲಯದಲ್ಲಿ 30x40 ಸೈಟು, ಒಂಬತ್ತು ಚದರದ ಒಂದೇ ಅಂತಸ್ತಿನ ಮನೆ ಎಂದಿಟ್ಟುಕೊಳ್ಳೋಣ. ಪಾಯ ತೆಗೆಯುವುದು 2026ರ ಜನವರಿ 5, ಸೋಮವಾರ. ಹಾಳೆಯಲ್ಲಿ A ಕಾಲಂನಲ್ಲಿ ಕೆಲಸದ ಹೆಸರು, B ಯಲ್ಲಿ ಎಷ್ಟು ದಿನ, C ಯಲ್ಲಿ ಆರಂಭ, D ಯಲ್ಲಿ ಮುಕ್ತಾಯ. E ಕಾಲಂ ಎಲ್ಲಕ್ಕಿಂತ ಮುಖ್ಯ: ಅದರಲ್ಲಿ "ಆಳು" ಅಥವಾ "ನೀರು" ಎಂದು ಬರೆಯಬೇಕು. ಆ ದಿನಗಳು ಯಾರ ಲೆಕ್ಕದವು ಎಂದು ಅದು ಹೇಳುತ್ತದೆ. ಕೆಲಸಗಳು 5ನೇ ಸಾಲಿನಿಂದ ಶುರು. ಮೇಸ್ತ್ರಿಯನ್ನು ಕೂರಿಸಿಕೊಂಡು ಕೇಳಿದರೆ ಪಟ್ಟಿ ಹೆಚ್ಚುಕಡಿಮೆ ಹೀಗಾಗುತ್ತದೆ:

```
 5  ಮಾರ್ಕಿಂಗ್, ಪಾಯ ಅಗೆತ        4   ಆಳು
 6  ಫುಟಿಂಗ್, ಪಿಲ್ಲರ್            8   ಆಳು
 7  ಕಲ್ಲು ಕಟ್ಟಡ, ಪ್ಲಿಂತ್ ಬೀಮ್    9   ಆಳು
 8  ಮಣ್ಣು ತುಂಬಿ ದಮ್ಮಸ್ಸು         4   ಆಳು
 9  ಗೋಡೆ, ಲಿಂಟಲ್ ಮಟ್ಟದವರೆಗೆ   10   ಆಳು
10  ಲಿಂಟಲ್, ಮೇಲಿನ ಗೋಡೆ        6   ಆಳು
11  ಸೆಂಟ್ರಿಂಗ್, ಕಂಬಿ             9   ಆಳು
12  ಮೋಲ್ಡ್                     1   ಆಳು
13  ಮೋಲ್ಡ್ ನೀರು               14   ನೀರು
14  ಸೆಂಟ್ರಿಂಗ್ ಬಿಚ್ಚುವುದು         2   ಆಳು
15  ಗೋಡೆ ಕೊರೆದು ಪೈಪು           5   ಆಳು
16  ಒಳ ಪ್ಲಾಸ್ಟರ್               12   ಆಳು
17  ಒಳ ಪ್ಲಾಸ್ಟರ್ ನೀರು           7   ನೀರು
18  ಟೈಲ್ಸ್                      8   ಆಳು
19  ಪೇಂಟ್                     15   ಆಳು
20  ಬಾಗಿಲು, ಸ್ಯಾನಿಟರಿ            5   ಆಳು
21  ಹೊರ ಪ್ಲಾಸ್ಟರ್              10   ಆಳು
22  ಹೊರ ಪ್ಲಾಸ್ಟರ್ ನೀರು          7   ನೀರು
```

ರಜೆಗಳನ್ನು ಅದೇ ಹಾಳೆಯ ಕೆಳಗೆ, A41ರಿಂದ A60ರೊಳಗೆ ಬರೆದಿಡಿ. ಸರ್ಕಾರಿ ರಜೆಗಳ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಆಳುಗಳು ಯಾವತ್ತು ಬರುವುದಿಲ್ಲವೋ ಅವೇ ರಜೆ. ಈ ಮನೆಗೆ ಸಂಕ್ರಾಂತಿಯೆಂದು ಜನವರಿ 15, ಗಣರಾಜ್ಯೋತ್ಸವ ಜನವರಿ 26, ಯುಗಾದಿ ಮಾರ್ಚ್ 19, ಮರುದಿನದ ಹೊಸತೊಡಕು ಮಾರ್ಚ್ 20. ಹೊಸತೊಡಕು ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿ ಇರದಿರಬಹುದು, ಆದರೆ ಅವತ್ತು ಕರಣೆ ಹಿಡಿಯುವವರು ಯಾರೂ ಸಿಗುವುದಿಲ್ಲ.

ದಿನಾಂಕ ಟೈಪ್ ಮಾಡುವಾಗ ಒಂದು ಎಚ್ಚರ. ಸ್ಪ್ರೆಡ್‌ಶೀಟಿಗೆ ದಿನಾಂಕವೆಂದರೆ ಒಂದು ಸಂಖ್ಯೆ ಅಷ್ಟೇ. 2026ರ ಜನವರಿ 5 ಅದರ ಕಣ್ಣಿಗೆ 46027. ಕೂಡಿ ಕಳೆಯಲು ಬರುವುದು ಅದರಿಂದಲೇ. ಹಾಳೆಯ ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿದ್ದರೆ ನೀವು ಬರೆದ 05-01-2026 ಮೇ 1 ಆಗಿಬಿಡುತ್ತದೆ, 15-01-2026 ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಸೆಲ್ಲಿನ ಎಡಕ್ಕೆ ಅಂಟಿಕೊಂಡು ಕೂರುತ್ತದೆ. ದಿನಾಂಕ ಬಲಕ್ಕೆ ಸರಿದು ನಿಂತಿದೆಯೇ, ಫಾರ್ಮ್ಯಾಟ್ ಬದಲಿಸಿದಾಗ ತಿಂಗಳ ಹೆಸರು ಸರಿಯಾಗಿ ಬರುತ್ತದೆಯೇ ಎಂದು ನೋಡಿಕೊಂಡು ಮುಂದುವರಿಯಿರಿ.

ಈಗ ಸೂತ್ರಗಳು. C5ರಲ್ಲಿ ಆರಂಭದ ದಿನಾಂಕವನ್ನು ಕೈಯಿಂದ ಬರೆಯಿರಿ. ಕೆಲಸದ ಸಾಲುಗಳಲ್ಲಿ ಕೈಯಿಂದ ಬರೆಯುವ ದಿನಾಂಕ ಇದೊಂದೇ. ಆಳಿನ ಕೆಲಸಕ್ಕೆ ಮುಕ್ತಾಯ ಮತ್ತು ಅದರ ಮುಂದಿನ ಕೆಲಸದ ಆರಂಭ ಹೀಗೆ:

```
D5:  =WORKDAY.INTL(C5-1,B5,11,$A$41:$A$60)
C6:  =WORKDAY.INTL(D5,1,11,$A$41:$A$60)
```

ಇದರಲ್ಲಿ 11 ಎಂದರೆ ವಾರಕ್ಕೆ ಭಾನುವಾರ ಒಂದೇ ರಜೆ. ಬರೀ WORKDAY ಹಾಕಿದರೆ ಅದು ಶನಿವಾರವನ್ನೂ ರಜೆಯೆಂದು ಎಣಿಸುತ್ತದೆ. ಆಫೀಸಿನವರಿಗೆ ಸರಿ, ಗಾರೆ ಕೆಲಸದವರಿಗಲ್ಲ. C5-1ರಲ್ಲಿ ಒಂದು ಕಳೆದದ್ದು ಏಕೆಂದರೆ ಈ ಸೂತ್ರ ಕೊಟ್ಟ ದಿನದ ಮರುದಿನದಿಂದ ಎಣಿಕೆ ಶುರು ಮಾಡುತ್ತದೆ. ಸೋಮವಾರ ಶುರುವಾದ ನಾಲ್ಕು ದಿನದ ಕೆಲಸ ಗುರುವಾರ ಮುಗಿಯಬೇಕು. ಒಂದು ಕಳೆಯದಿದ್ದರೆ ಹಾಳೆ ಶುಕ್ರವಾರ ಎನ್ನುತ್ತದೆ. ನನ್ನ ಮೊದಲ ಹಾಳೆಯಲ್ಲಿ ಇದೇ ಆಗಿತ್ತು. ಒಂದು ದಿನ ತಾನೆ ಎನ್ನಬೇಡಿ, ಮೇಲಿನ ಪಟ್ಟಿಯಲ್ಲಿ ಒಂದರ ಹಿಂದೆ ಒಂದು ಬರುವ ಆಳಿನ ಕೆಲಸಗಳೇ ಹದಿನಾಲ್ಕಿವೆ. ಇಲ್ಲದ ಎರಡು ವಾರ ಎಲ್ಲಿಂದಲೋ ಬಂದು ಸೇರಿಕೊಂಡಿರುತ್ತದೆ.

ನೀರಿನ ಸಾಲುಗಳಿಗೆ ಈ ಸೂತ್ರ ಬೇಡ. ಅಲ್ಲಿ ಬರೀ ಕೂಡುವ ಲೆಕ್ಕ:

```
C13: =D12+1
D13: =C13+B13-1
C14: =WORKDAY.INTL(D13,1,11,$A$41:$A$60)
```

ಮೋಲ್ಡ್ ಹಾಕಿದ ಮರುದಿನದಿಂದ ಸಿಮೆಂಟಿನ ಕಾಲ ಶುರು. ಅದು ಮುಗಿದ ಮೇಲೆ ಬಿಚ್ಚಲು ಬರಬೇಕಾದವರು ಆಳುಗಳು, ಹಾಗಾಗಿ C14ರಲ್ಲಿ ಮತ್ತೆ ಆಳಿನ ಸೂತ್ರಕ್ಕೆ ಹಿಂತಿರುಗುತ್ತೇವೆ. 17 ಮತ್ತು 22ನೇ ಸಾಲುಗಳಿಗೂ ಇದೇ ಕ್ರಮ. ಹೊರ ಪ್ಲಾಸ್ಟರನ್ನು ಬೇರೆ ಜೋಡಿ ಮಾಡುತ್ತದೆ ಎಂದುಕೊಂಡು C21ನ್ನು D14ಕ್ಕೆ ಕೊಂಡಿ ಹಾಕಿ. ಪೇಂಟಿನವರು ಟೈಲ್ಸಿಗೂ ಕಾಯಬೇಕು, ಹೊರ ಪ್ಲಾಸ್ಟರ್ ನೀರು ಮುಗಿಯುವುದಕ್ಕೂ ಕಾಯಬೇಕು. ಎರಡರಲ್ಲಿ ಯಾವುದು ತಡವೋ ಅದರ ಮೇಲೆ ಅವರ ಆರಂಭ ನಿಂತಿದೆ:

```
C19: =WORKDAY.INTL(MAX(D18,D22),1,11,$A$41:$A$60)
```

ಹದಿನಾಲ್ಕು ದಿನ ಎಲ್ಲಿಂದ ಬಂತು? ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 456 ಊರೆಗಳನ್ನು ಯಾವಾಗ ತೆಗೆಯಬಹುದು ಎಂದು ಹೇಳುತ್ತದೆ. ನಾಲ್ಕೂವರೆ ಮೀಟರಿನವರೆಗಿನ ಸ್ಲ್ಯಾಬಿನ ಊರೆಗಳು ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಉದ್ದವಿದ್ದರೆ 14. ಆರು ಮೀಟರಿನವರೆಗಿನ ಬೀಮಿಗೆ 14, ಅದನ್ನು ಮೀರಿದರೆ 21. ನಮ್ಮ ಮನೆಯ ಮೋಲ್ಡ್ ಬೀಮುಗಳ ಮೇಲೆ ಕೂತಿದೆ, ಹಾಗಾಗಿ 14. ಆದರೆ ಈ ಅಂಕಿಗಳು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ಒಪಿಸಿಗೆ ಹೇಳಿದವು. ಮನೆ ಕಟ್ಟುವವರು ಅಂಗಡಿಯಿಂದ ತರುವುದು ಸಾಮಾನ್ಯವಾಗಿ ಪಿಪಿಸಿ. ಅದರಲ್ಲಿ ಬೆರೆಸಿರುವ ಹಾರುಬೂದಿ ನೇರವಾಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನೊಡನೆ ಕೂಡಿ ಸುಣ್ಣ ಬಿಟ್ಟ ಮೇಲೆ ಆ ಸುಣ್ಣದೊಡನೆ ನಿಧಾನವಾಗಿ ಕೂಡುತ್ತದೆ. ಕೊನೆಗೆ ಬರುವ ಬಲ ಕಡಿಮೆಯೇನಲ್ಲ, ಬರುವುದು ತಡ. ಬೇರೆ ಸಿಮೆಂಟಾದರೆ ಅವಧಿ ಹೊಂದಿಸಿಕೊಳ್ಳಿ ಎಂದು ಮಾನಕವೂ ಹೇಳುತ್ತದೆ. B13ರ ಅಂಕಿಯನ್ನು ನಿರ್ಧರಿಸಬೇಕಾದವರು ನಿಮ್ಮ ಎಂಜಿನಿಯರ್. ಸದ್ಯಕ್ಕೆ 14 ಇರಲಿ, ಕೊನೆಯಲ್ಲಿ ಇದಕ್ಕೆ ಮರಳೋಣ.

ಪಟ್ಟಿ ಬಿಡಿಸುವ ಕೆಲಸ ಚಿಕ್ಕದು. F4ರಲ್ಲಿ =$C$5, G4ರಲ್ಲಿ =F4+1 ಬರೆದು ಬಲಕ್ಕೆ FL ವರೆಗೆ ಎಳೆದರೆ ಜನವರಿ 5ರಿಂದ ಜೂನ್ 16ರವರೆಗಿನ 163 ದಿನಗಳು ಸಿಗುತ್ತವೆ. ಕಾಲಂಗಳನ್ನು ಬೆರಳಗಲಕ್ಕೆ ಕುಗ್ಗಿಸಿ. F5ರಿಂದ FL22ರವರೆಗೆ ಆಯ್ದು, ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಮೂರು ನಿಯಮ ಹಾಕಿ. ಮೊದಲನೆಯದಕ್ಕೆ ನೀಲಿ, ಎರಡನೆಯದಕ್ಕೆ ಬೂದು, ಮೂರನೆಯದಕ್ಕೆ ಇಟ್ಟಿಗೆ ಬಣ್ಣ:

```
=AND($E5="ನೀರು",F$4>=$C5,F$4<=$D5)
=OR(WEEKDAY(F$4,2)=7,COUNTIF($A$41:$A$60,F$4)>0)
=AND($E5="ಆಳು",F$4>=$C5,F$4<=$D5)
```

ಡಾಲರ್ ಗುರುತು ಎಲ್ಲಿದೆ ಎಂಬುದನ್ನು ಗಮನಿಸಿ. F$4ರಲ್ಲಿ ಸಾಲು ಕದಲದು, $C5ರಲ್ಲಿ ಕಾಲಂ ಕದಲದು. ಒಂದು ಡಾಲರ್ ತಪ್ಪಿದರೂ ಪಟ್ಟಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ನಿಯಮಗಳ ಕ್ರಮವನ್ನೂ ಬದಲಿಸಬೇಡಿ. ಈ ಕ್ರಮದಲ್ಲಿ ಹಾಕಿದರೆ ಆಳಿನ ಇಟ್ಟಿಗೆ ಬಣ್ಣದ ಪಟ್ಟಿಗಳು ಪ್ರತಿ ಭಾನುವಾರ ಬೂದು ಗೆರೆಯಿಂದ ತುಂಡಾಗುತ್ತವೆ. ನೀರಿನ ನೀಲಿ ಪಟ್ಟಿ ಮಾತ್ರ ಭಾನುವಾರವನ್ನೂ ಯುಗಾದಿಯನ್ನೂ ದಾಟಿಕೊಂಡು ಅಖಂಡವಾಗಿ ಹೋಗುತ್ತದೆ.

ಹಾಳೆ ಸರಿಯಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ. B5ರ 4ನ್ನು 10 ಮಾಡಿ. ಕೆಳಗಿನ ಎಲ್ಲ ಪಟ್ಟಿಗಳೂ ಬಲಕ್ಕೆ ಸರಿಯಬೇಕು. ಯಾವುದಾದರೂ ಒಂದು ಜಪ್ಪಯ್ಯ ಎಂದರೂ ಕದಲದೆ ನಿಂತಿದ್ದರೆ ಅಲ್ಲಿ ಸೂತ್ರದ ಬದಲು ಯಾರೋ ದಿನಾಂಕ ಟೈಪ್ ಮಾಡಿದ್ದಾರೆ. ನೋಡಿದ ಮೇಲೆ ಮತ್ತೆ 4 ಮಾಡಿ.

ಈಗ ಹಾಳೆ ಹೇಳುವುದನ್ನು ಓದೋಣ. ಗೋಡೆ ಫೆಬ್ರವರಿ 5ಕ್ಕೆ ಶುರು. ಬಾಗಿಲವಾಡವನ್ನು ಆಗಲೇ ನಿಲ್ಲಿಸಬೇಕು. ಬಡಗಿ 25 ದಿನ ಕೇಳುತ್ತಾರೆ ಎಂದರೆ, ಒಂದು ಖಾಲಿ ಸೆಲ್ಲಿನಲ್ಲಿ =C9-25 ಎಂದು ಬರೆಯಿರಿ, ಜನವರಿ 11 ಬರುತ್ತದೆ. ಅಂದರೆ ಫುಟಿಂಗಿನ ಕೆಲಸ ನಡೆದಿರುವಾಗಲೇ ಮರಕ್ಕೆ ಅಡ್ವಾನ್ಸ್ ಹೋಗಿರಬೇಕು. ಗೋಡೆ ಎದ್ದು ನಿಂತು ಬಾಗಿಲವಾಡಕ್ಕೆ ಕಾಯುವ ಮನೆಗಳನ್ನು ನೀವೂ ನೋಡಿರುತ್ತೀರಿ.

ಸೆಂಟ್ರಿಂಗ್ ಮತ್ತು ಕಂಬಿ ಕೆಲಸ ಮಾರ್ಚ್ 5ಕ್ಕೆ ಮುಗಿಯುತ್ತದೆ, ಮೋಲ್ಡ್ ಮಾರ್ಚ್ 6 ಶುಕ್ರವಾರ. ನೀರು ಮಾರ್ಚ್ 7ರಿಂದ 20ರವರೆಗೆ. ಬಿಚ್ಚುವುದು 21ನೇ ಶನಿವಾರ ಮತ್ತು 23ನೇ ಸೋಮವಾರ. ಅದೇ 13ನೇ ಸಾಲಿಗೂ ಆಳಿನ ಸೂತ್ರ ಹಾಕಿದ್ದರೆ ನೀರು ಮಾರ್ಚ್ 25ರವರೆಗೆ ಎಳೆಯುತ್ತಿತ್ತು. ಮೂರು ಭಾನುವಾರ, ಎರಡು ಹಬ್ಬದ ದಿನ, ಒಟ್ಟು ಐದು ದಿನ ಸಿಮೆಂಟು ಕೆಲಸಕ್ಕೆ ಚಕ್ಕರ್ ಹಾಕಿತೆಂದು ಹಾಳೆ ನಂಬಿರುತ್ತಿತ್ತು.

ಇಲ್ಲೇ ಇನ್ನೊಂದು ವಿಚಿತ್ರವಿದೆ. ಯುಗಾದಿಗೆ ಮುಂಚೆ ಎಷ್ಟಾಗುತ್ತೋ ಅಷ್ಟು ಕೆಲಸ ಎಳೆದುಬಿಡೋಣ ಎಂದು ಕಂಬಿಯವರಿಗೆ ಹೆಚ್ಚು ಕೂಲಿ ಕೊಟ್ಟು 9 ದಿನದ ಕೆಲಸವನ್ನು 7ಕ್ಕೆ ಮುಗಿಸಿದಿರಿ ಎನ್ನಿ. B11ರಲ್ಲಿ 7 ಬರೆಯಿರಿ. ಮೋಲ್ಡ್ ಮಾರ್ಚ್ 4ಕ್ಕೆ ಬರುತ್ತದೆ, ನೀರು 18ಕ್ಕೆ ಮುಗಿಯುತ್ತದೆ. ಬಿಚ್ಚುವುದು? ಮತ್ತೆ ಅದೇ ಮಾರ್ಚ್ 21. ಏಕೆಂದರೆ 19 ಯುಗಾದಿ, 20 ಹೊಸತೊಡಕು. ಕೊಟ್ಟ ಹೆಚ್ಚಿನ ಕೂಲಿಗೆ ಸಿಕ್ಕ ಲಾಭ ಸೊನ್ನೆ. ಇನ್ನೂ ಒಂದು ದಿನ ಹಿಂಡಿ 6 ಮಾಡಿದರೆ, ಆಗ ಬಿಚ್ಚುವ ಕೆಲಸ ಮಾರ್ಚ್ 18ಕ್ಕೆ ಶುರುವಾಗಿ 21ಕ್ಕೆ ಮುಗಿಯುತ್ತದೆ. ಮೂರು ದಿನ ಉಳಿಸಿದ್ದಕ್ಕೆ ಒಂದು ದಿನದ ಲಾಭ. ಸಿಮೆಂಟಿನ ಕಾಲ ಮುಗಿಯುವ ದಿನ ಆಳಿನ ರಜೆಯೊಳಗೆ ಬಿದ್ದರೆ ಹಿಂದೆ ಉಳಿಸಿದ ದಿನಗಳು ಹೀಗೆ ಕರಗಿಹೋಗುತ್ತವೆ. ಬಾಯಿಲೆಕ್ಕದಲ್ಲಿ ಇದು ಹೊಳೆಯುವುದು ಕಷ್ಟ. ಹಾಳೆಯಲ್ಲಿ ನೀಲಿ ಪಟ್ಟಿಯ ತುದಿ ಬೂದು ಗೆರೆಗೆ ತಾಗಿರುವುದು ಕಣ್ಣಿಗೇ ಕಾಣುತ್ತದೆ.

B11ನ್ನು ಮತ್ತೆ 9 ಮಾಡಿ ಮುಂದೆ ಹೋಗೋಣ. ಪೈಪಿನ ಕೆಲಸ ಮಾರ್ಚ್ 28ಕ್ಕೆ, ಒಳ ಪ್ಲಾಸ್ಟರ್ ಏಪ್ರಿಲ್ 11ಕ್ಕೆ, ಅದರ ನೀರು 18ಕ್ಕೆ, ಟೈಲ್ಸ್ 28ಕ್ಕೆ ಮುಗಿಯುತ್ತವೆ. ಹೊರ ಪ್ಲಾಸ್ಟರಿನ ನೀರು ಏಪ್ರಿಲ್ 10ಕ್ಕೇ ಮುಗಿದಿರುತ್ತದೆ, ಅಂದರೆ ಅದು ಎರಡು ವಾರ ತಡವಾದರೂ ಪೇಂಟಿಗೆ ಅಡ್ಡಿಯಿಲ್ಲ. ಪೇಂಟ್ ಮೇ 15, ಬಾಗಿಲು ಮತ್ತು ಸ್ಯಾನಿಟರಿ ಮೇ 21. ಮನೆ ಸಿದ್ಧ.

ಆದರೆ 2026ರಲ್ಲಿ ಅಧಿಕ ಮಾಸವಿದೆ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಆ ತಿಂಗಳು ಗೃಹಪ್ರವೇಶ ಮಾಡುವವರಿಲ್ಲ. ನಂಬಿಕೆ ನಿಮ್ಮದಲ್ಲದಿರಬಹುದು, ಆದರೆ ಮನೆಯ ಹಿರಿಯರೂ ಪುರೋಹಿತರೂ ಒಪ್ಪದಿದ್ದರೆ ಅದು ಐಎಸ್ 456ರಷ್ಟೇ ಗಟ್ಟಿಯಾದ ನಿರ್ಬಂಧ. ಹಾಗಾದರೆ ಮೇ 17ರ ಒಳಗೇ ಮುಗಿಸಲಾಗದೇ? ಪ್ಲಾಸ್ಟರಿಗೆ ಇನ್ನೊಂದು ಜೋಡಿ ಮೇಸ್ತ್ರಿ ಹಾಕಿ 12 ದಿನವನ್ನು 8ಕ್ಕೆ ಇಳಿಸಿ ನೋಡೋಣ. B16ರಲ್ಲಿ 8. ನೀರು ಏಪ್ರಿಲ್ 14ಕ್ಕೆ, ಟೈಲ್ಸ್ 23ಕ್ಕೆ, ಪೇಂಟ್ ಮೇ 11ಕ್ಕೆ, ಕೊನೆಯ ನಲ್ಲಿ ಮೇ 16ಕ್ಕೆ. ಮೇ 16 ಅಮಾವಾಸ್ಯೆ. ಕೂಲಿ ದುಪ್ಪಟ್ಟಾದರೂ ದಿನ ಸಿಗಲಿಲ್ಲ. ಇನ್ನೂ ಹಿಂಡಬೇಕೆಂದರೆ ಉಳಿಯುವುದು ಪ್ಲಾಸ್ಟರಿನ ನೀರು, ಪೇಂಟಿನ ಕೋಟುಗಳ ನಡುವೆ ಒಣಗುವ ಸಮಯ ಇಂಥವು. ಕಾಣದ ಕಡೆ ಕದಿಯುವ ಈ ದಿನಗಳು ಮುಂದೆ ಗೋಡೆಯಲ್ಲಿ ಬಿರುಕಾಗಿಯೋ ಎದ್ದುಬರುವ ಬಣ್ಣವಾಗಿಯೋ ಕಾಣಿಸಿಕೊಳ್ಳುತ್ತವೆ.

ಇದನ್ನು ತಿರುಗಿಸಿ ನೋಡಿ. ಜೂನ್ 16ರಿಂದ ನಿಜ ಜ್ಯೇಷ್ಠ, ಅದು ಜುಲೈ ಮಧ್ಯದವರೆಗೆ ಇರುತ್ತದೆ, ಆಮೇಲೆ ಆಷಾಢ. ಗೃಹಪ್ರವೇಶ ಹೇಗೂ ಜೂನ್ ದ್ವಿತೀಯಾರ್ಧಕ್ಕೆ ಹೋಗುವುದಾದರೆ ಮೇ 21ರ ನಂತರ ಕೈಯಲ್ಲಿ 25 ದಿನ ಉಳಿದಿವೆ. ಎರಡನೇ ಜೋಡಿ ಮೇಸ್ತ್ರಿ ಬೇಡ, B16 ಮತ್ತೆ 12 ಆಗಲಿ. ಆ ದಿನಗಳನ್ನು ಎಲ್ಲಿ ಖರ್ಚು ಮಾಡಬೇಕೆಂದು ನನ್ನನ್ನು ಕೇಳಿದರೆ, ಮೋಲ್ಡ್ ಕೆಳಗಿನ ಊರೆಗಳ ಮೇಲೆ ಎನ್ನುತ್ತೇನೆ. ಪಿಪಿಸಿ ಹಾಕಿದ ಮನೆ. ಸೆಂಟ್ರಿಂಗಿನವರು ತಮ್ಮ ಶೀಟು ಇನ್ನೊಂದು ಸೈಟಿಗೆ ಬೇಕೆಂದು ಹತ್ತನೇ ದಿನದಿಂದಲೇ ಫೋನ್ ಮಾಡಲು ಶುರು ಮಾಡುತ್ತಾರೆ. ಆ ಒತ್ತಾಯಕ್ಕೆ ಉತ್ತರ ಹಾಳೆಯಲ್ಲಿದೆ.

ಕೆಲಸ ನಡೆದಂತೆ ದಿನಗಳು ಹಿಂದೆಮುಂದಾಗುತ್ತವೆ, ಎಂ-ಸ್ಯಾಂಡ್ ಲಾರಿ ಬರುವುದಿಲ್ಲ, ಮೇಸ್ತ್ರಿಯ ಮನೆಯಲ್ಲಿ ಮದುವೆ ಬರುತ್ತದೆ. ಮೊದಲ ದಿನವೇ ಹಾಳೆಯ ಒಂದು ಪ್ರತಿ ತೆಗೆದಿಟ್ಟು, ಇನ್ನೊಂದರಲ್ಲಿ B ಕಾಲಂನ ದಿನಗಳನ್ನಷ್ಟೇ ತಿದ್ದುತ್ತಾ ಹೋಗಿ; C ಮತ್ತು D ಗಳನ್ನು ಮುಟ್ಟಬೇಡಿ.

ಎಂಜಿನಿಯರ್ ಒಪ್ಪಿದರೆ B13ರಲ್ಲಿ 14ರ ಬದಲು 21 ಬರೆಯಿರಿ. ನೀಲಿ ಪಟ್ಟಿ ಮಾರ್ಚ್ 27ರವರೆಗೆ ಬೆಳೆಯುತ್ತದೆ, ಶೀಟು ಮತ್ತು ಊರೆಗಳಿಗೆ ಒಂದು ವಾರದ ಹೆಚ್ಚಿನ ಬಾಡಿಗೆ ಬೀಳುತ್ತದೆ. ಕೊನೆಯ ಸಾಲಿನ ದಿನಾಂಕ ಮೇ 28. ಜೂನ್ 16ಕ್ಕೆ ಆಗಲೂ ನಡುವೆ 18 ದಿನ ಉಳಿದಿರುತ್ತದೆ.